ಕಿತ್ತು ಕಿತ್ತು ತೆಳ್ಳಗಾದ ಹುಬ್ಬು: ಬರೆದದ್ದು ಗೊತ್ತಾಗದ ಹಾಗೆ ತುಂಬುವುದು ಹೇಗೆ?

ಹುಬ್ಬಿಗೆ ಬಣ್ಣ ಹಾಕಿರುವುದು ದೂರದಿಂದಲೇ ಗೊತ್ತಾಗುತ್ತಿದೆ ಅಂದರೆ, ಹೆಚ್ಚಿನ ಸಲ ಅಲ್ಲಿ ಒಂದೇ ವಸ್ತುವಿನಿಂದ ಎಲ್ಲ ಕೆಲಸ ಮಾಡಿಸಿರುತ್ತಾರೆ. ಪೆನ್ಸಿಲ್ ಹಿಡಿದು ಮೂಗಿನ ಕಡೆಯಿಂದ ಕಿವಿಯ ಕಡೆವರೆಗೂ ಎಳೆದಿರುತ್ತಾರೆ. ಇಲ್ಲವೇ ಹುಬ್ಬಿಗೆ ಹಚ್ಚುವ ಬಣ್ಣದ ಪೌಡರನ್ನೇ ಎರಡು ಮೂರು ಪದರ ಮೆತ್ತಿರುತ್ತಾರೆ. ಆದರೆ ಪೌಡರ್, ಪೆನ್ಸಿಲ್, ಜೆಲ್ ಮೂರರ ಕೆಲಸವೂ ಬೇರೆ ಬೇರೆ.

ಪೌಡರ್ ಕೊಡುವುದು ನೆರಳು. ಕೂದಲಿನ ಸಂದಿಯಿಂದ ಇಣುಕುವ ಚರ್ಮವನ್ನು ಅದು ಸ್ವಲ್ಪ ಮಂಕಾಗಿಸುತ್ತದೆ, ಅಷ್ಟೇ. ಪೆನ್ಸಿಲ್ ಕೊಡುವುದು ಗೆರೆ. ಕೂದಲೇ ಇಲ್ಲದ ಕಡೆ ಕೂದಲು ಇದ್ದ ಹಾಗೆ ತೋರಿಸುವುದಕ್ಕೆ ಅದು ಬೇಕು. ಜೆಲ್ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಇರುವ ಕೂದಲನ್ನು ಎತ್ತಿ ನಿಲ್ಲಿಸುತ್ತದೆ, ಬಣ್ಣದ ಜೆಲ್ ಆದರೆ ಒಂದೊಂದು ಎಳೆಯನ್ನೂ ಸ್ವಲ್ಪ ದಪ್ಪ ಮಾಡುತ್ತದೆ. ಹಾಗಾಗಿ ಕನ್ನಡಿ ಮುಂದೆ ಕೂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹುಬ್ಬಿನ ಈ ಜಾಗದಲ್ಲಿ ಕೂದಲು ಇದೆಯಾ, ತೆಳ್ಳಗಿದೆಯಾ, ಅಥವಾ ಬರೀ ಚರ್ಮವಾ? ಉತ್ತರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕೈಗೆತ್ತಿಕೊಳ್ಳುವ ವಸ್ತುವೂ ಅದರ ಜೊತೆಗೇ ಬದಲಾಗಬೇಕು.

ಇಲ್ಲಿ ನಾನು ತುಂಬಾ ಜನರಿಗೆ ಇರುವ ಒಂದು ಸಮಸ್ಯೆಯನ್ನೇ ಹಿಡಿದು ಹೇಳುತ್ತೇನೆ. ವರ್ಷಗಟ್ಟಲೆ ಕೆಳಗಿನಿಂದ ಕಿತ್ತು ಕಿತ್ತು ಹುಬ್ಬು ತೆಳ್ಳಗಾಗಿದೆ, ಕಮಾನು ಮೇಲೇರಿದೆ, ಹೊರಗಿನ ತುದಿ ಅರ್ಧಕ್ಕೇ ನಿಂತಿದೆ. ಉದಾಹರಣೆಗೆ ನನ್ನ ಅತ್ತಿಗೆಯ ಹುಬ್ಬನ್ನೇ ತೆಗೆದುಕೊಳ್ಳುತ್ತೇನೆ, ಅವರ ಒಪ್ಪಿಗೆ ಇದೆ. ಅವರ ಹುಬ್ಬು ಮೂಗಿನ ಕಡೆ ಒಂದು ಬೆರಳಿನಷ್ಟು ಅಗಲ ಒತ್ತಾಗಿದೆ. ನಡುವೆ ಮೇಲಿನ ಸಾಲಿನ ಕೂದಲು ಮಾತ್ರ ಉಳಿದಿದೆ, ಕೆಳಗಿನ ಸಾಲು ಇಲ್ಲ. ಬಲಗಡೆಯ ತುದಿಯಲ್ಲಿ ಐದಾರು ಎಳೆ ಅಲ್ಲೊಂದು ಇಲ್ಲೊಂದು ಇವೆ. ಎಡಗಡೆ ಕಮಾನು ದಾಟಿದ ಮೇಲೆ ಸುಮಾರು 1 ಸೆಂಟಿಮೀಟರ್ ಪೂರ್ತಿ ಖಾಲಿ.

ಮೊದಲು ಬ್ರಷ್ ಮಾಡಿ ನೋಡಿ

ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ. ಬೆಳಕು ಎರಡೂ ಕೆನ್ನೆಯ ಮೇಲೆ ಒಂದೇ ಥರ ಬೀಳಬೇಕು. ತಲೆಯ ಮೇಲಿನ ದೀಪ ಹುಬ್ಬಿನ ಮೂಳೆಯ ಕೆಳಗೆ ನೆರಳು ಹಾಕುತ್ತದೆ, ಆಗ ಎಲ್ಲಿ ಖಾಲಿ ಇದೆ ಎನ್ನುವುದೇ ಸರಿಯಾಗಿ ತಿಳಿಯುವುದಿಲ್ಲ. ಕನ್ನಡಿ ಸಾಧಾರಣದ್ದೇ ಇರಲಿ. ದೊಡ್ಡದಾಗಿ ತೋರಿಸುವ ಕನ್ನಡಿಯಲ್ಲಿ ಒಂದೊಂದು ಕೂದಲೂ ತಪ್ಪಾಗಿ ಬೆಳೆದ ಹಾಗೆ ಕಾಣುತ್ತದೆ. ಅತಿಯಾಗಿ ಕೀಳುವುದು ಎಷ್ಟೋ ಸಲ ಶುರುವಾಗುವುದು ಅಲ್ಲಿಂದಲೇ.

ಈಗ ಸ್ಪೂಲಿ, ಅಂದರೆ ಮಸ್ಕಾರದ ಕಡ್ಡಿಯ ಹಾಗೆ ಸುರುಳಿ ಇರುವ ಒಣ ಬ್ರಷ್ ತೆಗೆದುಕೊಂಡು ಹುಬ್ಬನ್ನು ಪೂರ್ತಿ ಮೇಲಕ್ಕೆ ಬಾಚಿ. ಕೆಳಗಿನ ಅಂಚು ಬಯಲಾಗುತ್ತದೆ. ಆಮೇಲೆ ಪೂರ್ತಿ ಕೆಳಕ್ಕೆ ಬಾಚಿ, ಮೇಲಿನ ಅಂಚು ಬಯಲಾಗುತ್ತದೆ. ಕೊನೆಗೆ ಅದು ಬೆಳೆಯುವ ದಿಕ್ಕಿಗೇ ಬಾಚಿಬಿಡಿ. ಎಷ್ಟೋ ಸಲ ಖಾಲಿ ಇದೆ ಅಂದುಕೊಂಡ ಜಾಗಕ್ಕೆ ಉದ್ದ ಕೂದಲು ಬಂದು ಕೂತು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅಂಥ ಉದ್ದ ಕೂದಲನ್ನು ಕತ್ತರಿಸಬೇಡಿ. ತೆಳ್ಳಗಿನ ಹುಬ್ಬಿನಲ್ಲಿ ಅಕ್ಕಪಕ್ಕದ ಖಾಲಿ ಜಾಗವನ್ನು ಮುಚ್ಚುವುದು ಅವೇ.

ಹೀಗೆ ಬಾಚುವಾಗ ಕೂದಲು ಯಾವ ಕಡೆ ಮುಖ ಮಾಡಿದೆ ಎಂದು ನೋಡಿಕೊಳ್ಳಿ. ಮೂಗಿನ ಪಕ್ಕದ ಕೂದಲು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಬೆಳೆಯುತ್ತದೆ. ನಡುವಿಗೆ ಬಂದಂತೆ ಕೆಳಸಾಲು ಮೇಲಕ್ಕೆ ಮತ್ತು ಹೊರಕ್ಕೆ ಓರೆಯಾಗುತ್ತದೆ, ಮೇಲಿನ ಸಾಲು ಕೆಳಕ್ಕೆ ಮತ್ತು ಹೊರಕ್ಕೆ. ಎರಡೂ ಸಾಲು ನಡುವೆ ಸೇರುವ ಕಡೆ ಹುಬ್ಬು ಎಲ್ಲಕ್ಕಿಂತ ಕಪ್ಪಾಗಿ ಕಾಣುತ್ತದೆ. ತುದಿಯಲ್ಲಿ ಎಲ್ಲವೂ ಕಿವಿಯ ಕಡೆಗೆ ವಾಲಿರುತ್ತವೆ, ಗಿಡ್ಡವೂ ಆಗಿರುತ್ತವೆ. ಪೆನ್ಸಿಲ್ ಹಿಡಿದಾಗ ಈ ದಿಕ್ಕೇ ನಿಮಗೆ ದಾರಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀವು ಕಿತ್ತಿಲ್ಲ, ಆದರೂ ಹೊರಗಿನ ಮೂರನೇ ಒಂದು ಭಾಗ ತಾನಾಗಿಯೇ ಉದುರುತ್ತಿದೆಯಾ? ಅಥವಾ ನಾಣ್ಯದ ಹಾಗೆ ದುಂಡಗೆ, ನುಣ್ಣಗೆ ಒಂದು ಜಾಗ ಖಾಲಿಯಾಗಿದೆಯಾ? ಚರ್ಮ ಕೆಂಪಾಗಿ, ಹೊಟ್ಟು ಏಳುತ್ತಿದೆಯಾ? ಹಾಗಿದ್ದರೆ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದಾಗಲೂ ಹುಬ್ಬಿನ ಹೊರತುದಿ ತೆಳ್ಳಗಾಗುವುದುಂಟು. ಮೇಕಪ್ ಅದನ್ನು ಮುಚ್ಚುತ್ತದೆ, ಆದರೆ ಮುಚ್ಚಿಕೊಂಡೇ ಕೂತರೆ ಕಾರಣ ಹಾಗೇ ಉಳಿಯುತ್ತದೆ.

ಬಣ್ಣ: ಕಪ್ಪು ಕೂದಲಿಗೂ ಕಪ್ಪು ಬೇಡ

ಅತ್ತಿಗೆ ಮೊದಲು ಬಳಸುತ್ತಿದ್ದದ್ದು ಕಾಡಿಗೆ ಪೆನ್ಸಿಲ್. "ನನ್ನ ಕೂದಲು ಕಪ್ಪು ತಾನೇ?" ಎನ್ನುತ್ತಿದ್ದರು. ಕೂದಲು ಕಪ್ಪೇ, ಆದರೆ ಹುಬ್ಬು ಅಂದರೆ ಬರೀ ಕೂದಲಲ್ಲ. ಎಳೆಗಳ ಮಧ್ಯೆ ಚರ್ಮವೂ ಕಾಣುತ್ತಿರುತ್ತದೆ. ಎರಡೂ ಸೇರಿ ಕಣ್ಣಿಗೆ ಬೀಳುವ ಬಣ್ಣ ಒಂದು ಎಳೆಯ ಬಣ್ಣಕ್ಕಿಂತ ತಿಳಿಯಾಗಿರುತ್ತದೆ. ಚರ್ಮದ ಮೇಲೆ ಹಚ್ಚಿದ ಬಣ್ಣದಲ್ಲಿ ಆ ಸಂದಿ ಇರುವುದಿಲ್ಲ, ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಅದೇ ಕಪ್ಪು ಹಚ್ಚಿದರೆ ಕೂದಲಿಗಿಂತ ಬಣ್ಣವೇ ಮುಂದೆ ಬರುತ್ತದೆ. ಮೇಲಾಗಿ ಕಾಡಿಗೆ ಪೆನ್ಸಿಲ್ ಮೆತ್ತಗಿರುತ್ತದೆ. ಕಣ್ಣಂಚಿನಲ್ಲಿ ಸುಲಭವಾಗಿ ಹರಡಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಹುಬ್ಬಿನ ಮೇಲೆ ಹರಡಿದರೆ ಕಥೆ ಮುಗಿಯಿತು.

ಕಪ್ಪು ಕೂದಲಿನವರಿಗೆ ಗಾಢ ಕಂದು ಸರಿಹೋಗುತ್ತದೆ, ಅದರಲ್ಲೂ ಸ್ವಲ್ಪ ಬೂದು ಬೆರೆತ ಕಂದು. ಕೆಂಪು ಬೆರೆತ ಕಂದು ಬೇಡ. ಅಂಗಡಿಯ ದೀಪದಲ್ಲಿ ಚೆನ್ನಾಗೇ ಕಾಣುತ್ತದೆ, ಬಿಸಿಲಿಗೆ ಬಂದರೆ ಇಟ್ಟಿಗೆ ಬಣ್ಣ ಹೊಡೆಯುತ್ತದೆ. ಕಂದು ಕೂದಲಿನವರು ತಮ್ಮ ಕೂದಲಿನ ಬುಡದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿ ತೆಗೆದುಕೊಳ್ಳಲಿ. ಕೂದಲು ತುಂಬಾ ತಿಳಿ ಬಣ್ಣದ್ದಾಗಿದ್ದರೆ ಮಾತು ತಿರುಗುತ್ತದೆ, ಹುಬ್ಬಿಗೆ ಒಂದು ಮೆಟ್ಟಿಲು ಗಾಢ ಬೇಕಾಗುತ್ತದೆ. ನರೆ ಬೆರೆತಿದ್ದರೆ ಬೂದುಗಂದು. ಪೌಡರ್ ಮತ್ತು ಪೆನ್ಸಿಲ್ ಎರಡೂ ಒಂದೇ ಬಣ್ಣ ಆಗಬೇಕಿಲ್ಲ. ಪೌಡರ್ ತಿಳಿ, ಪೆನ್ಸಿಲ್ ಅದಕ್ಕಿಂತ ಒಂಚೂರು ಗಾಢ ಇದ್ದರೆ ನೆರಳಿನ ಮೇಲೆ ಕೂದಲು ಬಿದ್ದ ಹಾಗೆ ಕಾಣುತ್ತದೆ.

ಬಣ್ಣ ಪರೀಕ್ಷಿಸುವುದನ್ನು ಅಂಗೈ ಹಿಂಭಾಗದಲ್ಲಿ ಮಾಡಬೇಡಿ, ಅಲ್ಲಿಯ ಚರ್ಮದ ಬಣ್ಣವೇ ಬೇರೆ. ಹಣೆಯ ಪಕ್ಕ, ಹುಬ್ಬಿನ ತುದಿಯ ಹತ್ತಿರ ಸಣ್ಣ ಗೆರೆ ಎಳೆದು, ಬೆರಳಿನಿಂದ ತಿಕ್ಕಿ, ಕಿಟಕಿ ಬೆಳಕಿನಲ್ಲಿ ನೋಡಿ. ಗಾಢ ಎಷ್ಟು ಎನ್ನುವುದು ಕಣ್ಣಿಗೆ ತಿಳಿಯದಿದ್ದರೆ ಇನ್ನೊಂದು ಉಪಾಯ ಇದೆ. ಹುಬ್ಬು ತುಂಬಿದ ಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ. ಬಣ್ಣ ಹೋಗಿ ಗಾಢ-ತಿಳಿ ಮಾತ್ರ ಉಳಿಯುತ್ತದೆ. ತಲೆಗೂದಲು ತುಂಬಾ ತಿಳಿ ಬಣ್ಣದ್ದಲ್ಲದಿದ್ದರೆ, ಅದಕ್ಕಿಂತ ಹುಬ್ಬು ಕಪ್ಪಾಗಿ ಕಂಡರೆ ಜಾಸ್ತಿ ಆಗಿದೆ ಎಂದು ತಿಳಿಯಿರಿ.

ಎಲ್ಲಿಂದ ಎಲ್ಲಿಯವರೆಗೆ

ಉದ್ದನೆಯ ಪೆನ್ಸಿಲ್ ಒಂದನ್ನು ಮೂಗಿನ ಹೊಳ್ಳೆಯ ಹೊರ ಅಂಚಿಗೆ ಒತ್ತಿ ನೆಟ್ಟಗೆ ಮೇಲಕ್ಕೆ ಹಿಡಿಯಿರಿ. ಅದು ಹುಬ್ಬನ್ನು ಮುಟ್ಟುವ ಕಡೆ ಹುಬ್ಬು ಶುರುವಾಗಬೇಕು. ಈಗ ನೇರ ನೋಡುತ್ತಾ, ಅದೇ ಹೊಳ್ಳೆಯಿಂದ ಕಣ್ಣಿನ ಪಾಪೆಯ ಹೊರ ಅಂಚಿನ ಮೇಲೆ ಹಾದುಹೋಗುವಂತೆ ಓರೆ ಮಾಡಿ. ಅದು ಹುಬ್ಬನ್ನು ದಾಟುವ ಕಡೆ ಕಮಾನು. ಇನ್ನೂ ಓರೆ ಮಾಡಿ ಕಣ್ಣಿನ ಹೊರಮೂಲೆಗೆ ತಂದರೆ ಹುಬ್ಬಿನ ತುದಿ ಎಲ್ಲಿ ಮುಗಿಯಬೇಕು ಎಂದು ತಿಳಿಯುತ್ತದೆ. ಮೂರೂ ಕಡೆ ಪೆನ್ಸಿಲಿನಿಂದ ಹಗುರವಾಗಿ ಒಂದೊಂದು ಚುಕ್ಕೆ ಇಡಿ.

ಈ ಅಳತೆ ಅಂದಾಜಿನದು. ಮೂಗು ಅಗಲವಿದ್ದವರಿಗೆ ಹುಬ್ಬುಗಳ ನಡುವಿನ ಅಂತರ ಜಾಸ್ತಿ ಬರುತ್ತದೆ. ಅಳತೆಗೂ ಮೂಳೆಗೂ ತಾಳೆಯಾಗದಿದ್ದರೆ ಮೂಳೆಯ ಮಾತು ಕೇಳಿ. ಕಣ್ಣಿನ ಮೇಲಿನ ಮೂಳೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ಹುಬ್ಬು ಅದರ ಮೇಲೇ ಕೂರಬೇಕು. ತುದಿಯ ಚುಕ್ಕೆ, ಹುಬ್ಬು ಶುರುವಾಗುವ ಕಡೆಯ ಕೆಳ ಅಂಚಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಕಣ್ಣು ಜೋತುಬಿದ್ದ ಹಾಗೆ ಕಾಣುತ್ತದೆ.

ಇನ್ನು ಬಹಳ ಮುಖ್ಯವಾದ ತೀರ್ಮಾನ: ಹುಬ್ಬನ್ನು ಯಾವ ಕಡೆಗೆ ದಪ್ಪ ಮಾಡುವುದು? ಕೆಳಗಿನಿಂದ ಕಿತ್ತ ಹುಬ್ಬಿಗೆ ಕೆಳಗೇ ಸೇರಿಸಬೇಕು. ಹೆಚ್ಚಿನವರು ಕೈಗೆ ಸುಲಭ ಎಂದು ಮೇಲಿನ ಅಂಚಿಗೆ ಸೇರಿಸುತ್ತಾರೆ. ಮೊದಲೇ ಮೇಲೇರಿದ ಕಮಾನು ಇನ್ನಷ್ಟು ಮೇಲಕ್ಕೆ ಹೋಗುತ್ತದೆ, ಮುಖಕ್ಕೆ ಸದಾ ಗಾಬರಿಯಾದ ಕಳೆ ಬರುತ್ತದೆ. ಕೆಳಗೆ 1ರಿಂದ 2 ಮಿಲಿಮೀಟರ್ ಸೇರಿಸಿದರೆ ಸಾಕು, ಕಮಾನು ತನ್ನ ಜಾಗಕ್ಕೆ ಇಳಿಯುತ್ತದೆ. ಹತ್ತಿರದಿಂದ ನೋಡಿದರೆ ಕಿತ್ತ ಕೂದಲಿನ ಬುಡದ ಸಣ್ಣ ಚುಕ್ಕೆಗಳು, ಹೊಸದಾಗಿ ಮೊಳೆಯುವ ತುಂಡು ಕೂದಲು ಅಲ್ಲಿ ಕಾಣುತ್ತವೆ. ಹುಬ್ಬಿನ ಹಳೆಯ ಗಡಿ ಅದೇ. ಅದನ್ನು ದಾಟಿ ಕೆಳಗೆ ಬರಬೇಡಿ. ಮೇಲಿನಿಂದ ಕಿತ್ತು ಚಪ್ಪಟೆಯಾದ ಹುಬ್ಬಾದರೆ ಇದಕ್ಕೆ ಸರಿಯಾಗಿ ತಿರುಗುಮುರುಗು.

ಚರ್ಮ ಒಣಗಿರಲಿ

ಕ್ರೀಮ್, ಸನ್‌ಸ್ಕ್ರೀನ್ ಹಚ್ಚಿದ್ದರೆ ಐದು ಹತ್ತು ನಿಮಿಷ ಬಿಡಿ. ಫೌಂಡೇಶನ್ ಹಚ್ಚಿದ್ದರೆ ಹುಬ್ಬಿನ ಕೂದಲಿಗೆ ಮೆತ್ತಿಕೊಂಡದ್ದನ್ನು ಒದ್ದೆ ಹತ್ತಿ ಕಡ್ಡಿಯಿಂದ ಒರೆಸಿ, ಒಣಗಲು ಬಿಡಿ. ಇಲ್ಲದಿದ್ದರೆ ಪೌಡರ್ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಎಣ್ಣೆ ಚರ್ಮದವರು ಹುಬ್ಬಿನ ಮೇಲೆ ಟಿಶ್ಯೂ ಒತ್ತಿ ತೆಗೆದು, ಬಣ್ಣವಿಲ್ಲದ ಫೇಸ್ ಪೌಡರ್ ಚೂರೇ ಚೂರು ತಟ್ಟಿಕೊಳ್ಳಬೇಕು. ಖಾಲಿ ತುದಿಯ ಮೇಲೆ ಬರೆದದ್ದು ಮಧ್ಯಾಹ್ನದವರೆಗೆ ಉಳಿಯುತ್ತದೋ ಇಲ್ಲವೋ ಎನ್ನುವುದು ಬಹಳ ಮಟ್ಟಿಗೆ ಇದರ ಮೇಲೇ ನಿಂತಿದೆ.

ಪೌಡರ್: ನಡುವಿನಿಂದ ಶುರು

ಇದಕ್ಕೆ ಬೇಕಾದ್ದು ತೆಳ್ಳಗಿನ, ಸ್ವಲ್ಪ ಗಟ್ಟಿ ಕೂದಲಿನ, ತುದಿ ಓರೆಯಾಗಿ ಕತ್ತರಿಸಿದ ಬ್ರಷ್. ಪೌಡರಿನ ಮೇಲೆ ಒಂದೇ ಸಲ ಮುಟ್ಟಿಸಿ. ಆಮೇಲೆ ಅಂಗೈ ಹಿಂಭಾಗದಲ್ಲಿ ಒಂದೆರಡು ಸಲ ಒತ್ತಿ ಹೆಚ್ಚಿನದನ್ನು ಬಿಡಿಸಿಕೊಳ್ಳಿ. ಮೊದಲ ಮುಟ್ಟಿಗೇ ಎಲ್ಲಕ್ಕಿಂತ ಜಾಸ್ತಿ ಬಣ್ಣ ಬೀಳುತ್ತದೆ. ಅದು ಎಲ್ಲಿ ಬೀಳಬೇಕು ಎನ್ನುವುದನ್ನು ನೀವೇ ತೀರ್ಮಾನಿಸಿರಬೇಕು. ಮೂಗಿನ ಪಕ್ಕ ಅಂತೂ ಖಂಡಿತ ಬೇಡ.

ಕಮಾನಿನ ಕೆಳಗೆ, ನಡುವಿನ ಖಾಲಿ ಸಾಲಿನಿಂದ ಶುರು ಮಾಡಿ. ಬ್ರಷ್ಷಿನ ಓರೆ ಅಂಚನ್ನು ಕೂದಲಿನ ಕೆಳಗೆ ಇಟ್ಟು ಒತ್ತಿ, ಎತ್ತಿ, ಪಕ್ಕಕ್ಕೆ ಸರಿದು ಮತ್ತೆ ಒತ್ತಿ. ಎಳೆಯಬೇಡಿ. ಎಳೆದರೆ ಗೆರೆ ಬೀಳುತ್ತದೆ, ಒತ್ತಿದರೆ ನೆರಳು ಬೀಳುತ್ತದೆ. ಅತ್ತಿಗೆಯ ಹುಬ್ಬಿನಲ್ಲಿ ಕಣ್ಣಿನ ಒಳಮೂಲೆಯ ನೇರದಿಂದ ಕಮಾನಿನವರೆಗೆ ಹೀಗೆ ಒಂದು ಸಾಲು ಒತ್ತಿದ್ದೇ ತಡ, ಅಗಲ ಮರಳಿ ಬಂತು. ಕೂಡಲೇ ಸ್ಪೂಲಿಯಿಂದ ಕೆಳಗಿನಿಂದ ಮೇಲಕ್ಕೆ ಬಾಚಬೇಕು. ಪೌಡರ್ ಕೂದಲಿನ ಬುಡಕ್ಕೆ ಹರಡಿ, ಕೆಳಗಿನ ಅಂಚಿನ ಗಡಸು ಹೋಗುತ್ತದೆ.

ಒಂದು ಪದರ ಮುಗಿದ ಮೇಲೆ ನಿಲ್ಲಿಸಿ. ಇನ್ನೂ ಚರ್ಮ ಕಾಣುತ್ತಿದ್ದರೆ ಅಲ್ಲಿಗೆ ಮಾತ್ರ ಎರಡನೇ ಪದರ. ಮೂರನೆಯದು ಬೇಕು ಅನ್ನಿಸಿದರೆ ಅದು ಪೌಡರಿನಿಂದ ಆಗದ ಕೆಲಸ, ಪೆನ್ಸಿಲಿಗೆ ಬಿಡಿ.

ಮೂಗಿನ ಕಡೆಯ ಭಾಗಕ್ಕೆ ಹೊಸದಾಗಿ ಪೌಡರ್ ತೆಗೆದುಕೊಳ್ಳುವುದೇ ಬೇಡ. ಬ್ರಷ್ಷಿನಲ್ಲಿ ಉಳಿದದ್ದನ್ನೇ ಮೇಲ್ಮುಖವಾಗಿ ಸವರಿ. ಮೊದಲ 4-5 ಮಿಲಿಮೀಟರ್ ಹಾಗೇ ಬಿಟ್ಟುಬಿಡಿ. ಹುಟ್ಟಾ ಬಂದ ಹುಬ್ಬು ಅಲ್ಲಿ ಮಸುಕಾಗಿ ಶುರುವಾಗಿ, ನಡುವೆ ಗಾಢವಾಗಿ, ತುದಿಯಲ್ಲಿ ಚೂಪಾಗುತ್ತದೆ. ಎದುರಿಗೆ ಕೂತು ಮಾತಾಡುವವರ ಕಣ್ಣು ಮೊದಲು ಹೋಗುವುದೂ ಈ ಒಳತುದಿಗೇ. ಅಲ್ಲಿ ಚೌಕಾಕಾರದ ಅಂಚು ಬಂದರೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಹುಬ್ಬನ್ನು ತಂದು ಅಂಟಿಸಿದ ಹಾಗೆ ಆಗುತ್ತದೆ.

ಪೆನ್ಸಿಲ್: ಕೂದಲಿಲ್ಲದ ಕಡೆಗೆ ಮಾತ್ರ

ಕೂದಲೇ ಇಲ್ಲದ ಚರ್ಮದ ಮೇಲೆ ಬರೀ ಪೌಡರ್ ಹಚ್ಚಿದರೆ ಕೊಳೆ ಮೆತ್ತಿದ ಹಾಗೆ ಬೂದು ಮಚ್ಚೆಯಾಗುತ್ತದೆ, ಬೇಗ ಅಳಿಸಿಯೂ ಹೋಗುತ್ತದೆ. ಹಿಡಿದುಕೊಳ್ಳಲು ಅಲ್ಲಿ ಎಳೆಗಳೇ ಇಲ್ಲವಲ್ಲ. ಅದಕ್ಕೇ ಅತ್ತಿಗೆಯ ಎಡಹುಬ್ಬಿನ ತುದಿಗೆ ಪೌಡರ್ ಮುಟ್ಟಿಸದೆ ಬಿಟ್ಟಿದ್ದು. ಅಲ್ಲಿ ಪೆನ್ಸಿಲ್ ಮೊದಲು.

ಪೆನ್ಸಿಲ್ ಆದಷ್ಟೂ ಸಣ್ಣ ತುದಿಯದು ಇರಲಿ. ತಿರುಗಿಸಿದರೆ ಮೇಲೆ ಬರುವ ಸಣ್ಣ ಕಡ್ಡಿಯ ಪೆನ್ಸಿಲ್ ಒಳ್ಳೆಯದು. ಕಡ್ಡಿಯನ್ನು 1-2 ಮಿಲಿಮೀಟರಿಗಿಂತ ಹೊರಗೆ ತೆಗೆಯಬೇಡಿ, ಮುರಿಯುತ್ತದೆ. ಮರದ ಪೆನ್ಸಿಲ್ ಆದರೆ ಪ್ರತಿ ಸಲ ಚೂಪು ಮಾಡಿ. ತುಂಬಾ ಮೆತ್ತಗಿನ ಪೆನ್ಸಿಲಿನಿಂದ ಕೂದಲಿನ ಗೆರೆ ಬರುವುದಿಲ್ಲ, ದಪ್ಪ ಪಟ್ಟಿ ಬರುತ್ತದೆ. ಸ್ವಲ್ಪ ಗಟ್ಟಿ ಇರುವುದೇ ಒಳ್ಳೆಯದು.

ಪೆನ್ಸಿಲನ್ನು ಬರೆಯುವಾಗ ಹಿಡಿದ ಹಾಗೆ ತುದಿಯ ಹತ್ತಿರ ಹಿಡಿಯಬೇಡಿ, ಹಿಂದಕ್ಕೆ ಸರಿದು ಹಿಡಿಯಿರಿ. ಒತ್ತಡ ತಾನಾಗೇ ಕಡಿಮೆಯಾಗುತ್ತದೆ. ಮೊಣಕೈ ಮೇಜಿನ ಮೇಲೆ, ಕಿರುಬೆರಳು ಕೆನ್ನೆಯ ಮೇಲೆ ಊರಿದರೆ ಕೈ ನಡುಗುವುದಿಲ್ಲ. ಚರ್ಮವನ್ನು ಎಳೆದು ಹಿಡಿದು ಬರೆಯಬೇಡಿ, ಬಿಟ್ಟಾಗ ಗೆರೆಯ ದಿಕ್ಕು ಬದಲಾಗುತ್ತದೆ.

ಈಗ ಗೆರೆ. ಕೂದಲಿನ ಬುಡ ಎಲ್ಲಿರಬೇಕೋ ಅಲ್ಲಿ ತುದಿ ಮುಟ್ಟಿಸಿ, ಅದು ಬೆಳೆಯುವ ದಿಕ್ಕಿಗೆ ಸರ್ರನೆ ಎಳೆದು, ಕೊನೆಯಲ್ಲಿ ಎತ್ತಿಬಿಡಿ. ಬುಡದಲ್ಲಿ ಗಾಢ, ಕೊನೆಯಲ್ಲಿ ಸಣ್ಣ, ಹೀಗೆ ಗೆರೆ ತಾನಾಗಿ ತೆಳ್ಳಗಾಗುತ್ತದೆ. ಉದ್ದ ಎಷ್ಟು? ಪಕ್ಕದ ನಿಜವಾದ ಕೂದಲಿನಷ್ಟು, ಅದಕ್ಕಿಂತ ಉದ್ದ ಬೇಡ. ಒಂದು ಗೆರೆ ಕೆಳ ಅಂಚಿನಿಂದ ಮೇಲಕ್ಕೆ-ಹೊರಕ್ಕೆ, ಇನ್ನೊಂದು ಮೇಲಿನ ಅಂಚಿನಿಂದ ಕೆಳಕ್ಕೆ-ಹೊರಕ್ಕೆ, ಹೀಗೆ ಬದಲಾಯಿಸುತ್ತಾ ಹೋಗಿ. ಎರಡು ಗೆರೆಗಳ ಮಧ್ಯೆ ಕನಿಷ್ಠ ಒಂದು ಗೆರೆಯಷ್ಟು ಚರ್ಮ ಉಳಿಯಲಿ. ಆ ಚರ್ಮ ಉಳಿದರೇ ಗೆರೆಗಳು ಕೂದಲಾಗಿ ಕಾಣುವುದು. ಎಲ್ಲ ಗೆರೆಗಳೂ ಒಂದೇ ಉದ್ದ, ಒಂದೇ ಓರೆ ಇದ್ದರೆ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ, ಒಂದೆರಡನ್ನು ಬೇಕಂತಲೇ ಗಿಡ್ಡ ಮಾಡಿ.

ಅತ್ತಿಗೆಯ ಎಡತುದಿಗೆ ಎಂಟು ಹತ್ತು ಗೆರೆ ಸಾಕಾಯಿತು. ಕಮಾನಿನ ಕಡೆಯ ಕೊನೆಯ ನಿಜವಾದ ಕೂದಲಿನ ಮಧ್ಯೆಯಿಂದಲೇ ಶುರು ಮಾಡಿದೆ. ಅವರ ಕೂದಲು ಎಲ್ಲಿ ಮುಗಿದು ನನ್ನ ಗೆರೆ ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು ಎನ್ನುವುದಕ್ಕೆ. ತುದಿಯ ಕೆಳ ಅಂಚು ಮಾತ್ರ ಸ್ವಲ್ಪ ಅಚ್ಚುಕಟ್ಟಾಗಿರಬೇಕು. ಇಲ್ಲಿ ಗೆರೆಗಳ ಬುಡಗಳು ಹತ್ತಿರ ಹತ್ತಿರ ಬರಲಿ, ಆದರೆ ಅವನ್ನೆಲ್ಲ ಸೇರಿಸಿ ಹೊರಗೆರೆ ಎಳೆಯಬೇಡಿ. ಗೆರೆಗಳು ಬಿದ್ದ ಮೇಲೆ ಓರೆ ಬ್ರಷ್ಷಿನಲ್ಲಿ ಚೂರು ಪೌಡರ್ ತೆಗೆದು ಅವುಗಳ ಮೇಲೆ ಒತ್ತಿದೆ. ಪೆನ್ಸಿಲಿನಲ್ಲಿರುವ ಮೇಣ ಪೌಡರನ್ನು ಹಿಡಿದುಕೊಳ್ಳುತ್ತದೆ, ಪೌಡರ್ ಆ ಮೇಣ ಜಾರದ ಹಾಗೆ ನೋಡಿಕೊಳ್ಳುತ್ತದೆ. ಕೂದಲಿರುವ ಕಡೆ ಪೌಡರ್ ಮೊದಲು, ಪೆನ್ಸಿಲ್ ಆಮೇಲೆ. ಬರೀ ಚರ್ಮದ ಮೇಲೆ ಪೆನ್ಸಿಲ್ ಮೊದಲು, ಪೌಡರ್ ಆಮೇಲೆ. ಇದೊಂದು ನೆನಪಿದ್ದರೆ ತುದಿ ಅಳಿಸಿಹೋಗುವ ತೊಂದರೆ ಬಹಳ ಕಡಿಮೆಯಾಗುತ್ತದೆ.

ಬಲಗಡೆ ಕೆಲಸ ಬೇರೆ ಥರ. ಅಲ್ಲಿ ಐದಾರು ಎಳೆ ಇದ್ದವು. ಅವನ್ನು ಬಾಚಿ, ಅವುಗಳ ಮಧ್ಯೆ ಮೂರು ನಾಲ್ಕು ಗೆರೆ ಸೇರಿಸಿದ್ದಷ್ಟೇ. ಎಡಗಡೆ ಅಷ್ಟು ಬರೆದೆವಲ್ಲ ಎಂದು ಬಲಗಡೆಯೂ ಅಷ್ಟೇ ಬರೆಯಬೇಕಿಲ್ಲ. ಎರಡೂ ಕಡೆಯನ್ನು ಸರಿಸಮ ಮಾಡಲು ಹೋದರೆ ಒಮ್ಮೆ ಇದಕ್ಕೆ ಸೇರಿಸಿ, ಒಮ್ಮೆ ಅದಕ್ಕೆ ಸೇರಿಸಿ, ಕೊನೆಗೆ ಎರಡೂ ದಪ್ಪಗಾಗಿ ಕೂರುತ್ತವೆ. ಯಾರ ಎರಡು ಹುಬ್ಬೂ ಒಂದೇ ಥರ ಇರುವುದಿಲ್ಲ. ಶುರುವಾಗುವ ಜಾಗ, ಕಮಾನಿನ ಎತ್ತರ, ತುದಿ, ಇವು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಸಾಕು. ಒಂದು ಹುಬ್ಬನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು, ಒಂದು ಹಂತ ಎಡಕ್ಕೆ, ಅದೇ ಹಂತ ಬಲಕ್ಕೆ ಮಾಡುತ್ತಾ ಬಂದರೆ ಇದು ಸುಲಭವಾಗುತ್ತದೆ.

ಹಳೆಯ ಗಾಯದ ಕಲೆ ಇದ್ದ ಕಡೆ ಚರ್ಮ ನುಣುಪಾಗಿ ಹೊಳೆಯುತ್ತದೆ. ಅಲ್ಲಿ ಗಟ್ಟಿ ಪೆನ್ಸಿಲ್ ಜಾರುತ್ತದೆ, ಪೌಡರ್ ನಿಲ್ಲುವುದಿಲ್ಲ. ಅಲ್ಲಿಗೆ ಮಾತ್ರ ಸ್ವಲ್ಪ ಮೇಣ ಜಾಸ್ತಿ ಇರುವ ಮೆತ್ತನೆ ಪೆನ್ಸಿಲ್ ಹಚ್ಚಿ, ಮೇಲೆ ಪೌಡರ್ ಒತ್ತಿ.

ಜೆಲ್: ಕೂದಲಿಗೆ, ಚರ್ಮಕ್ಕಲ್ಲ

ಟ್ಯೂಬಿನಿಂದ ಕಡ್ಡಿ ಹೊರಗೆ ತೆಗೆದಾಗ ಅದರ ಮೇಲಿರುವ ಜೆಲ್ ತೆಳ್ಳಗಿನ ಹುಬ್ಬಿಗೆ ಯಾವಾಗಲೂ ಜಾಸ್ತಿ. ಟ್ಯೂಬಿನ ಬಾಯಿಗೆ ಒರೆಸಿ, ಆಮೇಲೆ ಟಿಶ್ಯೂ ಮೇಲೂ ಒಮ್ಮೆ ಒರೆಸಿ. ಒಣಗಿದೆಯೇನೋ ಅನ್ನಿಸಬೇಕು, ಅಷ್ಟು ಸಾಕು.

ಬಣ್ಣದ ಜೆಲ್ ಹಚ್ಚುವುದಾದರೆ ಕಡ್ಡಿಯ ತುದಿ ಚರ್ಮಕ್ಕೆ ತಾಗದ ಹಾಗೆ ಕೂದಲಿನ ಮೇಲ್ಭಾಗವನ್ನು ಮಾತ್ರ ಸವರಿ. ಚರ್ಮಕ್ಕೆ ತಾಗಿದರೆ ಒದ್ದೆ ಮಚ್ಚೆ ಬೀಳುತ್ತದೆ, ಕೆಳಗಿನ ಪೌಡರ್ ಕಲಸಿಹೋಗುತ್ತದೆ. ಮೂಗಿನ ಕಡೆ ಮೇಲಕ್ಕೆ, ನಡುವೆ ಮೇಲಕ್ಕೆ-ಹೊರಕ್ಕೆ ಬಾಚಿ. ಸಣ್ಣ ನಾರು ಬೆರೆತ ಜೆಲ್ ಕೂಡ ಸಿಗುತ್ತದೆ. ತೆಳ್ಳಗಿದ್ದರೂ ಕೂದಲು ಇರುವ ಕಡೆಗೆ ಅದು ಚೆನ್ನ, ಆ ನಾರು ಎಳೆಗಳಿಗೆ ಅಂಟಿಕೊಂಡು ದಟ್ಟ ಕಾಣಿಸುತ್ತದೆ. ಆದರೆ ಖಾಲಿ ಚರ್ಮದ ಮೇಲೆ ಅದು ಬರೀ ಗಂಟು. ಅತ್ತಿಗೆಗೆ ಒಳಗಿನ ಒತ್ತಾದ ಭಾಗಕ್ಕೆ ಬಣ್ಣವಿಲ್ಲದ ಜೆಲ್, ನಡುವಿಗೆ ಬಣ್ಣದ್ದು ಹಚ್ಚಿದೆ. ಎಡತುದಿಗೆ ಏನೂ ಹಚ್ಚಲಿಲ್ಲ. ಬರೆದ ಗೆರೆಯ ಮೇಲೆ ಒದ್ದೆ ಜೆಲ್ ಎಳೆದರೆ ಗೆರೆಯೇ ಕಿತ್ತುಕೊಂಡು ಬರುತ್ತದೆ.

ಹಚ್ಚಿದ ಮೇಲೆ ಒಂದು ನಿಮಿಷ ಮುಟ್ಟಬೇಡಿ. ಒದ್ದೆ ಜೆಲ್ ಮೇಲೆ ಪೆನ್ಸಿಲಿನಿಂದ ತಿದ್ದಲು ಹೋಗಬೇಡಿ, ಪೆನ್ಸಿಲಿನ ತುದಿಯೂ ಹಾಳಾಗುತ್ತದೆ. ಒಣಗಿದ ಮೇಲೆ ಕೂದಲು ಗಡಸಾಗಿ ನಿಂತಿದ್ದರೆ ಒಣ ಸ್ಪೂಲಿಯಿಂದ ಒಮ್ಮೆ ಹಗುರವಾಗಿ ಬಾಚಿ.

ಎದ್ದು ಕಂಡರೆ ಏನು ಮಾಡುವುದು

ಎಲ್ಲ ಮುಗಿದ ಮೇಲೆ ಕನ್ನಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಜನ ನಿಮ್ಮನ್ನು ನೋಡುವುದು ಅಷ್ಟು ದೂರದಿಂದಲೇ. ಕಣ್ಣಿಗಿಂತ ಮೊದಲು ಹುಬ್ಬು ಕಂಡರೆ ಏನೋ ಜಾಸ್ತಿ ಆಗಿದೆ. ಅಳಿಸಿ ಮತ್ತೆ ಶುರು ಮಾಡುವ ಮುಂಚೆ ಸ್ವಚ್ಛ ಸ್ಪೂಲಿಯಿಂದ ಹತ್ತು ಸಲ ಬಾಚಿ. ಅರ್ಧ ಬಣ್ಣ ಅಲ್ಲೇ ಇಳಿಯುತ್ತದೆ. ಇನ್ನೂ ಗಾಢ ಇದ್ದರೆ ಬಣ್ಣವಿಲ್ಲದ ಫೇಸ್ ಪೌಡರ್ ಚೂರು ಬೆರಳಿಗೆ ತೆಗೆದು ಹುಬ್ಬಿನ ಮೇಲೆ ತಟ್ಟಿ, ಮತ್ತೆ ಬಾಚಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಮಾತ್ರ ಕಲಸುಮೇಲೋಗರವಾಗುತ್ತದೆ.

ಮುಖಕ್ಕೆ ಸಿಟ್ಟಿನ ಕಳೆ ಬಂದಿದೆಯಾ? ಒಳತುದಿ ಮೂಗಿನ ಕಡೆಗೆ ಜಾಸ್ತಿ ಬಂದಿದೆ, ಅಥವಾ ಅಲ್ಲಿಯ ಕೆಳ ಅಂಚು ಗಾಢವಾಗಿದೆ. ಹತ್ತಿ ಕಡ್ಡಿಯಿಂದ ಆ ಮೂಲೆಯನ್ನು ಮಾತ್ರ ತೆಗೆಯಿರಿ. ಗಾಬರಿಯ ಕಳೆ ಬಂದಿದ್ದರೆ ಕಮಾನಿನ ಮೇಲ್ಗಡೆ ಬಣ್ಣ ಬಿದ್ದಿದೆ, ಮೇಲಿನ ಅಂಚನ್ನು ತೆಗೆದು ಕೆಳಗೆ ಸೇರಿಸಿ. ಹುಬ್ಬಿನ ಕೆಳಗೆ ಕನ್ಸೀಲರ್ ಎಳೆದು ಅಂಚನ್ನು ಚೂಪು ಮಾಡುವ ರೂಢಿ ಇದೆ. ತೆಳ್ಳಗಿನ ಹುಬ್ಬಿಗೆ ನಾನು ಅದನ್ನು ಹೇಳುವುದಿಲ್ಲ. ಹೊಸದಾಗಿ ಮೊಳೆಯುತ್ತಿರುವ ಕೂದಲು ಅದರಡಿ ಮುಚ್ಚಿಹೋಗುತ್ತದೆ, ಅಂಚು ಕತ್ತರಿಸಿ ಇಟ್ಟ ಹಾಗೆ ಕಾಣುತ್ತದೆ. ತುದಿಯ ಕೆಳಗೆ ಗೆರೆ ಜಾರಿದ್ದರೆ ಅಲ್ಲಿಗಷ್ಟೇ ಒಂದು ಚುಕ್ಕೆ ಹಚ್ಚಿ ತಿದ್ದಿಕೊಳ್ಳಬಹುದು.

ಮಧ್ಯಾಹ್ನದ ಹೊತ್ತಿಗೆ ತುದಿ ಮಾಯವಾಗುತ್ತಿದ್ದರೆ ಎಣ್ಣೆ, ಬೆವರು ಅಥವಾ ನಿಮ್ಮ ಕೈಯೇ ಕಾರಣ. ಬೆವರನ್ನು ಒರೆಸದೆ ಟಿಶ್ಯೂ ಒತ್ತಿ ತೆಗೆಯಿರಿ. ಆ ಒಂದು ತುದಿಗೆ ಮಾತ್ರ ನೀರಿಗೆ ಹೋಗದ ಪೆನ್ಸಿಲ್ ಇಟ್ಟುಕೊಂಡರೆ ಒಳ್ಳೆಯದು.

ರಾತ್ರಿ ತೆಗೆಯುವಾಗ, ಮತ್ತು ಮುಂದಿನ ತಿಂಗಳುಗಳಲ್ಲಿ

ಸೋಪಿನಿಂದ ಗಸಗಸ ಉಜ್ಜಿದರೆ ಉಳಿದಿರುವ ನಾಲ್ಕು ಕೂದಲೂ ಕೈಗೆ ಬರುತ್ತದೆ. ಮೇಕಪ್ ತೆಗೆಯುವ ಎಣ್ಣೆ ಅಥವಾ ದ್ರವವನ್ನು ಹತ್ತಿಗೆ ಹಾಕಿ ಹುಬ್ಬಿನ ಮೇಲೆ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಮೇಣ ಕರಗುತ್ತದೆ. ಆಮೇಲೆ ಕೂದಲು ಬೆಳೆಯುವ ದಿಕ್ಕಿಗೆ ಒಮ್ಮೆ ಒರೆಸಿ, ಮುಖ ತೊಳೆಯಿರಿ. ಸ್ಪೂಲಿ ಮತ್ತು ಬ್ರಷ್ಷನ್ನು ವಾರಕ್ಕೊಮ್ಮೆಯಾದರೂ ತೊಳೆದು ಒಣಗಿಸಿ. ಜೆಲ್ ಕಡ್ಡಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಡಿ.

ಪ್ಲಕ್ಕರನ್ನು ಮೂರು ನಾಲ್ಕು ತಿಂಗಳು ಎತ್ತಿಡಿ. ಕಿತ್ತ ಹುಬ್ಬಿನ ಕೂದಲು ಮತ್ತೆ ಕಾಣುವಷ್ಟು ಬರಲು ಅಷ್ಟು ಕಾಲ ಬೇಕಾಗಬಹುದು. ಎಲ್ಲ ಕೂದಲೂ ಒಟ್ಟಿಗೆ ಬರುವುದಿಲ್ಲ, ಒಂದೊಂದಾಗಿ ಬರುತ್ತವೆ. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಬುಡವೇ ಹಾಳಾಗಿ ಕೆಲವು ಬಾರದೆಯೂ ಇರಬಹುದು. ಶುರುವಿನ ವಾರಗಳಲ್ಲಿ ಕೆಳಗೆ ಮೊಳೆಯುವ ತುಂಡು ಕೂದಲು ಅಂದಗೆಟ್ಟಂತೆ ಕಾಣುತ್ತದೆ, ಕೀಳಬೇಕು ಅನ್ನಿಸುತ್ತದೆ. ಹುಬ್ಬಿನ ಅಂಚಿನಿಂದ 2-3 ಮಿಲಿಮೀಟರ್ ಒಳಗಿರುವುದನ್ನು ಮುಟ್ಟಲೇಬೇಡಿ. ಅಲ್ಲಿ ಪೌಡರ್ ಒತ್ತಿದರೆ ಆ ತುಂಡು ಕೂದಲು ನೆರಳಿನಲ್ಲಿ ಸೇರಿಹೋಗುತ್ತದೆ, ಪೌಡರ್ ನಿಲ್ಲಲು ಆಸರೆಯೂ ಆಗುತ್ತದೆ.

ಕೂದಲು ಬರುತ್ತಾ ಹೋದಂತೆ ಬರೆಯುವುದನ್ನು ಕಡಿಮೆ ಮಾಡಬೇಕು. ರೂಢಿಯಾದ ಕೈ ಖಾಲಿ ಇಲ್ಲದ ಕಡೆಯೂ ಬರೆಯುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಏನೂ ಹಚ್ಚದ ಹುಬ್ಬಿನ ಫೋಟೋ ಅದೇ ಕಿಟಕಿಯ ಬೆಳಕಿನಲ್ಲಿ ತೆಗೆದಿಡಿ. ಅತ್ತಿಗೆಯ ನಡುಭಾಗದಲ್ಲಿ ಕೆಳಸಾಲು ಬಹುಮಟ್ಟಿಗೆ ಮರಳಿದೆ, ಅಲ್ಲಿ ಈಗ ಬಣ್ಣದ ಜೆಲ್ ಒಂದೇ ಸಾಕು. ಎಡತುದಿಯಲ್ಲಿ ಬಂದದ್ದು ಎರಡು ಮೂರು ಎಳೆ ಮಾತ್ರ. ಅಲ್ಲಿಗೆ ಈಗಲೂ ಪೆನ್ಸಿಲ್ ಬೇಕು.